ಮೊದಲು ಗೆಣ್ಣು ಮುಟ್ಟಿ, ಆಮೇಲೆ ರಿಪೋರ್ಟು ನೋಡಿ

ಮೆಡಿಸಿನ್ ಓಪಿಡಿಯಲ್ಲಿ ಕೂರುವ ಪಿಜಿ ಮಿತ್ರರೇ, ಹೌಸ್ ಸರ್ಜನ್‌ಗಳೇ, ನಿಮ್ಮಲ್ಲಿ ಒಂದು ಬೇಡಿಕೆ ಇದೆ. ಜಗಳ ಅಂದುಕೊಂಡರೂ ಬೇಸರವಿಲ್ಲ. "ಮೈಕೈಯೆಲ್ಲ ನೋವು ಸಾರ್" ಎಂದು ದಪ್ಪ ಫೈಲು ಹಿಡಿದು ಬರುವ ಹೆಂಗಸಿನ ಬೆರಳ ಗೆಣ್ಣುಗಳನ್ನು ಮುಟ್ಟಿ ನೋಡದೆ, ಆಕೆಗೆ ಸಂಧಿವಾತ ಎಂಬ ಹೆಸರನ್ನಾಗಲಿ, 'ನಿಮಗೇನೂ ಇಲ್ಲ, ಮನಸ್ಸಿಗೆ ಹಚ್ಕೋಬೇಡಿ' ಎಂಬ ತೀರ್ಪನ್ನಾಗಲಿ ಕೊಡಬೇಡಿ.

ಈಗ ನಡೆಯುತ್ತಿರುವುದು ಇದೇ. ಫೈಲು ಬಿಚ್ಚುತ್ತೀರಿ. ಆರ್‌ಎ ಫ್ಯಾಕ್ಟರ್ ಪಾಸಿಟಿವ್ ಇದ್ದರೆ ರುಮಟಾಯ್ಡ್, ನೆಗೆಟಿವ್ ಇದ್ದರೆ ಟೆನ್ಷನ್. ಎರಡೂ ತೀರ್ಪು ಹುಟ್ಟುವುದು ಕಾಗದದಿಂದ. ಮೊದಲನೆಯದರಲ್ಲಿ ಫೈಬ್ರೊಮಯಾಲ್ಜಿಯಾ ಇರುವವರಿಗೆ ವರ್ಷಗಟ್ಟಲೆ ಸ್ಟೀರಾಯ್ಡ್ ಹೋಗುತ್ತದೆ. ಎರಡನೆಯದರಲ್ಲಿ ನಿಜವಾದ ಉರಿಯೂತದ ಕೀಲುರೋಗ ಇರುವವರು ವಿಟಮಿನ್ ಮಾತ್ರೆ ನುಂಗುತ್ತಾ ಕೀಲು ಸವೆಸಿಕೊಳ್ಳುತ್ತಾರೆ.

ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಮೆಷಿನ್ ಮುಂದೆ ಕೂರುವ 42 ವರ್ಷದ ಒಬ್ಬಾಕೆಯನ್ನು ತೆಗೆದುಕೊಳ್ಳಿ. ನಾನು ನೋಡಿದ ಹಲವರನ್ನು ಗುರುತು ಸಿಗದಂತೆ ಒಬ್ಬರಾಗಿ ಸೇರಿಸಿ ಹೇಳುತ್ತಿದ್ದೇನೆ. ಮೂರು ವರ್ಷದಿಂದ ನೋವು. ಆರ್‌ಎ ಫ್ಯಾಕ್ಟರ್ 24, ಲ್ಯಾಬಿನ ಮಿತಿ 14. ಎಎಸ್‌ಒ ಟೈಟರ್ ತುಸು ಹೆಚ್ಚು. ಇಎಸ್‌ಆರ್ 22, ಸಿಆರ್‌ಪಿ ನಾರ್ಮಲ್. ಇಷ್ಟನ್ನೇ ನೆಚ್ಚಿಕೊಂಡು ಒಂದು ವರ್ಷದಿಂದ ದಿನಕ್ಕೆ 10 ಮಿಲಿಗ್ರಾಂ ಪ್ರೆಡ್ನಿಸೊಲೋನ್ ನಡೆದಿದೆ. ಜೊತೆಗೆ 21 ದಿನಕ್ಕೊಂದು ಪೆನಿಸಿಲಿನ್ ಇಂಜೆಕ್ಷನ್. ಮುಖ ದುಂಡಗಾಗಿದೆ, ಸಕ್ಕರೆ ಏರಿದೆ, ನೋವು ಮಾತ್ರ ಇದ್ದಲ್ಲೇ ಇದೆ. ಪ್ರತಿ ಸಲ ಆಸ್ಪತ್ರೆಗೆ ಬಂದಾಗ ಒಂದು ದಿನದ ಸಂಬಳ ಹೋಗುತ್ತದೆ.

ಆ ಪೆನಿಸಿಲಿನ್ ವಿಷಯವನ್ನು ಮೊದಲು ಮುಗಿಸಿಬಿಡುತ್ತೇನೆ, ಏಕೆಂದರೆ ಅದನ್ನು ನೆನೆದರೆ ನನಗೆ ಸಿಟ್ಟು ಬರುತ್ತದೆ. ಎಎಸ್‌ಒ ಹೇಳುವುದು ಈ ದೇಹ ಈಚೆಗೆ ಎಂದೋ ಸ್ಟ್ರೆಪ್ಟೊಕಾಕಸ್ ಸೋಂಕು ಕಂಡಿತ್ತು ಎಂಬುದನ್ನು ಮಾತ್ರ. ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಕೊಡುವುದು ರುಮ್ಯಾಟಿಕ್ ಜ್ವರ ಮರುಕಳಿಸಿ ಹೃದಯದ ಕವಾಟ ಕೆಡದಿರಲಿ ಎಂದು. ನಡುವಯಸ್ಸಿನ ಮೈಕೈ ನೋವಿಗೂ ಅದಕ್ಕೂ ಸಂಬಂಧವೇ ಇಲ್ಲ. ಆದರೂ 'ಆರ್ಥ್ರೈಟಿಸ್ ಪ್ರೊಫೈಲ್' ಎಂದು ಬರೆದ ಕೂಡಲೇ ಲ್ಯಾಬಿನಿಂದ ಆರ್‌ಎ, ಎಎಸ್‌ಒ, ಯೂರಿಕ್ ಆಸಿಡ್ ಮೂರೂ ಒಟ್ಟಿಗೆ ಬರುತ್ತವೆ. ಬಂದಮೇಲೆ ಯಾರೋ ಒಬ್ಬರು ಅದಕ್ಕೆ ಚಿಕಿತ್ಸೆ ಬರೆದೇ ಬರೆಯುತ್ತಾರೆ.

ಇನ್ನು ಆರ್‌ಎ ಫ್ಯಾಕ್ಟರ್. ಕಾಗದ, ಪೆನ್ನು ತೆಗೆದುಕೊಂಡು ಒಂದು ಲೆಕ್ಕ ಮಾಡಿ. ಸಾವಿರ ಜನ ವಯಸ್ಕರಲ್ಲಿ ರುಮಟಾಯ್ಡ್ ಇರುವವರು ಹತ್ತಕ್ಕಿಂತ ಕಡಿಮೆ. ಏಳು ಎಂದಿಟ್ಟುಕೊಳ್ಳಿ. ಅವರಲ್ಲಿ ಸುಮಾರು ಐವರಿಗೆ ಈ ಪರೀಕ್ಷೆ ಪಾಸಿಟಿವ್ ಬರುತ್ತದೆ. ಆರೋಗ್ಯವಂತರಲ್ಲೂ ನೂರಕ್ಕೆ ಐವರಿಗೆ ಪಾಸಿಟಿವ್ ಬರುತ್ತದೆ, ಅಂದರೆ ಉಳಿದವರಲ್ಲಿ ಸುಮಾರು ಐವತ್ತು ಮಂದಿ. ಕೀಲು ಊದಿದೆಯೋ ಇಲ್ಲವೋ ನೋಡದೆ ಎಲ್ಲರಿಗೂ ಪರೀಕ್ಷೆ ಬರೆದರೆ ಪಾಸಿಟಿವ್ ಬಂದ ಐವತ್ತೈದರಲ್ಲಿ ಐವತ್ತು ಮಂದಿಗೆ ಆ ಕಾಯಿಲೆಯೇ ಇಲ್ಲ. ಓಪಿಡಿಗೆ ಬರುವವರಲ್ಲಿ ರೋಗದ ಪ್ರಮಾಣ ಇದಕ್ಕಿಂತ ಹೆಚ್ಚಿರುತ್ತದೆ, ಒಪ್ಪುತ್ತೇನೆ. ಆದರೆ ಹೆಪಟೈಟಿಸ್ ಸಿ, ಕ್ಷಯದಂಥ ದೀರ್ಘಕಾಲದ ಸೋಂಕು ಇರುವವರೂ ಅಲ್ಲಿಗೇ ಬರುತ್ತಾರೆ, ಅವರಲ್ಲೂ ಇದು ಪಾಸಿಟಿವ್ ಆಗುತ್ತದೆ. ಮಿತಿಯನ್ನು ತುಸು ದಾಟಿದ 24ರಂಥ ಸಂಖ್ಯೆಗೆ ಊದಿದ ಕೀಲಿನ ಬೆಂಬಲ ಇಲ್ಲದಿದ್ದರೆ ಬೆಲೆ ತೀರ ಕಡಿಮೆ.

ಅಮೆರಿಕದ ಎಸಿಆರ್ ಮತ್ತು ಯುರೋಪಿನ ಯುಲಾರ್ ಕೂಡಿ 2010ರಲ್ಲಿ ರುಮಟಾಯ್ಡ್‌ಗೆ ಮಾಡಿದ ಮಾನದಂಡವನ್ನು ನೀವೆಲ್ಲ ಪರೀಕ್ಷೆಗೆ ಉರುಹೊಡೆದಿದ್ದೀರಿ. ಹತ್ತರಲ್ಲಿ ಆರು ಅಂಕ ಬಂದರೆ ಸಾಕು ಎಂಬುದು ಬಾಯಿಪಾಠ. ಅಂಕ ಎಣಿಸುವ ಮೊದಲಿನ ಸಾಲನ್ನು ಮಾತ್ರ ಮರೆಯುತ್ತೀರಿ. ಕನಿಷ್ಠ ಒಂದು ಕೀಲಿನಲ್ಲಾದರೂ ಖಚಿತವಾದ ಊತ, ಅಂದರೆ ಸಿನೋವೈಟಿಸ್, ಕೈಗೆ ಸಿಕ್ಕಿರಬೇಕು. ಆ ಊತಕ್ಕೆ ಬೇರೆ ಕಾಯಿಲೆಯ ಕಾರಣ ಇರಬಾರದು. ಲೆಕ್ಕ ಶುರುವಾಗುವುದೇ ಅಲ್ಲಿಂದ.

ಹಾಗಾದರೆ ಊತ ಕೈಗೆ ಸಿಗುವುದು ಹೇಗೆ? ರೋಗಿಯ ಅಂಗೈ ಕೆಳಮುಖವಾಗಿ ನಿಮ್ಮ ಬೆರಳುಗಳ ಮೇಲೆ ಸಡಿಲವಾಗಿ ಇರಲಿ, ಅವರ ಬೆರಳು ತುಸು ಬಾಗಿರಲಿ. ನಿಮ್ಮ ಎರಡೂ ಹೆಬ್ಬೆರಳನ್ನು ಗೆಣ್ಣಿನ ಮೇಲೆ, ನಡುವೆ ಹಾಯುವ ಸ್ನಾಯುರಜ್ಜುವಿನ ಆಚೆಗೊಂದು ಈಚೆಗೊಂದು ಇಡಿ. ನಿಮ್ಮ ಉಗುರಿನ ತುದಿ ಬೆಳ್ಳಗಾಗುವಷ್ಟು ಒತ್ತಿದರೆ ಸಾಕು. ಕೀಲು ಸರಿಯಿದ್ದರೆ ಮೂಳೆಯ ಅಂಚು ಗಟ್ಟಿಯಾಗಿ, ತೆಳ್ಳಗೆ ಸಿಗುತ್ತದೆ. ಊತವಿದ್ದರೆ ಅಂಚು ಸಿಗುವುದೇ ಇಲ್ಲ, ನಡುವೆ ಮೆತ್ತನೆಯ ಪದರವೊಂದು ಅಡ್ಡ ಬರುತ್ತದೆ. ಒಂದು ಹೆಬ್ಬೆರಳಲ್ಲಿ ಒತ್ತಿದರೆ ಇನ್ನೊಂದರ ಕೆಳಗೆ ಉಬ್ಬುತ್ತದೆ. ಮುಷ್ಟಿ ಕಟ್ಟಿಸಿ ನೋಡಿದರೆ ಗೆಣ್ಣುಗಳ ನಡುವಿನ ತಗ್ಗು ತುಂಬಿಕೊಂಡಿರುತ್ತದೆ. ಹೀಗೆಯೇ ಮಣಿಕಟ್ಟು, ಮೊಣಕೈ, ಮೊಣಕಾಲು ನೋಡಿ. ಕಾಲ್ಬೆರಳ ಬುಡವನ್ನು ಅಡ್ಡಲಾಗಿ ಹಿಂಡಿ ನೋಡಿ. ರೂಢಿಯಾದರೆ ನಾಲ್ಕೈದು ನಿಮಿಷದ ಕೆಲಸ.

ಆಮೇಲೆ ಇನ್ನೊಂದು ಹೆಜ್ಜೆ ಇದೆ. ಇದನ್ನು ಬಹಳ ಮಂದಿ ಮಾಡುವುದಿಲ್ಲ. ಕೀಲಿಲ್ಲದ ಜಾಗವನ್ನೂ ಅಷ್ಟೇ ಬಲದಲ್ಲಿ ಒತ್ತಿ: ಮುಂಗೈಯ ನಡು, ತೋಳಿನ ಮಾಂಸ, ಮೀನಖಂಡ. ರುಮಟಾಯ್ಡ್‌ನಲ್ಲಿ ನೋವು ಕೀಲಿನ ಗೆರೆಯ ಸುತ್ತ ನಿಲ್ಲುತ್ತದೆ. ಫೈಬ್ರೊಮಯಾಲ್ಜಿಯಾದಲ್ಲಿ ಕೀಲಿನಷ್ಟೇ ಕೀಲಿನ ನಡುವಿನ ಮಾಂಸವೂ ನೋಯುತ್ತದೆ. ನಮ್ಮ ಹೊಲಿಗೆಯಾಕೆ "ಬೆಳಗ್ಗೆ ಕೈ ಊದ್ಕೊಂಡಿರುತ್ತೆ ಸಾರ್, ಬಳೆ ಬಿಗಿ ಆಗುತ್ತೆ" ಎನ್ನುತ್ತಾರೆ. ಅದು ಸುಳ್ಳಲ್ಲ, ಅವರಿಗೆ ಹಾಗೇ ಅನಿಸುತ್ತದೆ. ಆದರೆ ಹೆಬ್ಬೆರಳಿಗೆ ಎಲ್ಲ ಗೆಣ್ಣಿನ ಅಂಚೂ ಸ್ಪಷ್ಟವಾಗಿ ಸಿಕ್ಕಿತು. ಮುಂಗೈ ಒತ್ತಿದಾಗ ಮಾತ್ರ ಕಣ್ಣಲ್ಲಿ ನೀರು ಬಂತು.

ಬೆಳಗಿನ ಬಿಗಿತವನ್ನು ಕೇಳುವ ರೀತಿಯೂ ಬದಲಾಗಬೇಕು. "ಎಷ್ಟು ನಿಮಿಷ ಸ್ಟಿಫ್ ಇರುತ್ತೆ" ಎಂದರೆ ಎರಡೂ ಕಾಯಿಲೆಯವರು "ಮಧ್ಯಾಹ್ನದವರೆಗೂ" ಎನ್ನುತ್ತಾರೆ. "ಎದ್ದ ಕೂಡಲೇ ಹಾಲಿನ ಪ್ಯಾಕೆಟ್ ಹರಿಯೋಕಾಗುತ್ತಾ? ಮುಷ್ಟಿ ಎಷ್ಟೊತ್ತಿಗೆ ಪೂರ್ತಿ ಕಟ್ಟೋಕಾಗುತ್ತೆ? ಕೆಲಸ ಮಾಡ್ತಾ ಮಾಡ್ತಾ ಸಡಿಲ ಆಗುತ್ತಾ, ಇಲ್ಲ ಜಾಸ್ತಿ ಆಗುತ್ತಾ?" ಎಂದು ಕೇಳಿ. ಉರಿಯೂತದ ಬಿಗಿತ ಕೈಯಾಡಿಸಿದಂತೆ ಬಿಡುತ್ತದೆ. ಫೈಬ್ರೊಮಯಾಲ್ಜಿಯಾದಲ್ಲಿ ಕೀಲಿಗಿಂತ ಮೈಯೆಲ್ಲ ಹಿಡಿದಿರುತ್ತದೆ, ಹೆಚ್ಚು ದುಡಿದ ಮರುದಿನ ಇನ್ನೂ ಬಿಗಿಯುತ್ತದೆ.

ಊತ ಸಿಗಲಿಲ್ಲ ಎಂದಮಾತ್ರಕ್ಕೆ ಫೈಬ್ರೊಮಯಾಲ್ಜಿಯಾ ಎಂದು ಷರಾ ಬರೆಯುವಂತಿಲ್ಲ. ಅದು ಉಳಿದವರನ್ನೆಲ್ಲ ತುಂಬುವ ಚೀಲವಲ್ಲ, ಅದಕ್ಕೂ ಅದರದೇ ಮಾನದಂಡವಿದೆ. 1990ರ ಹಳೆಯ ಪದ್ಧತಿಯಲ್ಲಿ 18 ಬಿಂದುಗಳನ್ನು ಒತ್ತಿ 11 ನೋಯುತ್ತವೆಯೇ ಎಂದು ಎಣಿಸುತ್ತಿದ್ದರು. ಈಗಿನದು 2010ರಲ್ಲಿ ಬಂದು 2016ರಲ್ಲಿ ಪರಿಷ್ಕರಣೆಯಾದದ್ದು. ಇದು ರೋಗಿಯ ಮಾತನ್ನು ಕೇಳಿ ತುಂಬುವ ಪಟ್ಟಿ. ದೇಹದ 19 ಜಾಗಗಳಲ್ಲಿ ಕಳೆದ ಒಂದು ವಾರದಲ್ಲಿ ಎಲ್ಲೆಲ್ಲಿ ನೋವಿತ್ತು ಎಂಬುದು ಮೊದಲ ಅಂಕ. ಆಯಾಸ, ಮಲಗಿ ಎದ್ದರೂ ಹೋಗದ ದಣಿವು, ಮರೆವು ಮತ್ತು ಗಮನದ ತೊಂದರೆ ಇವಕ್ಕೆ ತಲಾ ಸೊನ್ನೆಯಿಂದ ಮೂರು, ಕಳೆದ ಆರು ತಿಂಗಳಲ್ಲಿ ತಲೆನೋವು, ಕಿಬ್ಬೊಟ್ಟೆಯ ನೋವು, ಖಿನ್ನತೆ ಇದ್ದರೆ ತಲಾ ಒಂದು. ಒಟ್ಟು 12ಕ್ಕೆ ಎಣಿಸುವ ಇದು ಎರಡನೇ ಅಂಕ. ಮೊದಲನೆಯದು 7 ಮತ್ತು ಎರಡನೆಯದು 5 ದಾಟಬೇಕು ಇಲ್ಲವೇ ಮುಟ್ಟಬೇಕು. ಮೊದಲನೆಯದು 4ರಿಂದ 6ರೊಳಗೆ ಇದ್ದರೆ ಎರಡನೆಯದು 9 ಆದರೂ ಇರಬೇಕು. ನೋವು ದೇಹದ ಐದು ಭಾಗಗಳಲ್ಲಿ ನಾಲ್ಕರಲ್ಲಾದರೂ ಹರಡಿರಬೇಕು, ಮೂರು ತಿಂಗಳಾದರೂ ಇದೇ ಮಟ್ಟದಲ್ಲಿ ಇದ್ದಿರಬೇಕು.

ನಮ್ಮಾಕೆಯದನ್ನು ಎಣಿಸೋಣ. ಕುತ್ತಿಗೆ, ಮೇಲ್ಬೆನ್ನು, ಸೊಂಟ ಸೇರಿ ಮೂರು. ಎರಡೂ ಭುಜ, ಎರಡೂ ತೋಳು, ಎರಡೂ ಮುಂಗೈ, ಎರಡೂ ಪೃಷ್ಠ, ಎರಡೂ ಮೀನಖಂಡ ಸೇರಿ ಹತ್ತು. ಒಟ್ಟು 13. ಆಯಾಸಕ್ಕೆ 3, ನಿದ್ರೆಗೆ 3. "ಬಾಬಿನ್ ಎಲ್ಲಿಟ್ಟೆ ಅಂತ ಮರೆತೋಗುತ್ತೆ, ಸೂಪರ್‌ವೈಸರ್ ಬೈತಾರೆ" ಎಂದದ್ದಕ್ಕೆ 2. ತಲೆನೋವಿಗೆ 1, ಹೊಟ್ಟೆನೋವಿಗೆ 1. ಖಿನ್ನತೆ ಇಲ್ಲ. ಇದು 10. ಐದು ಭಾಗದಲ್ಲೂ ನೋವಿದೆ, ಮೂರು ವರ್ಷದಿಂದ ಇದೆ. ಖಿನ್ನತೆಗೆ ಸೊನ್ನೆ ಬಂದರೂ ಅಂಕ ತುಂಬಿತು ಎಂಬುದನ್ನು, 'ಇದೆಲ್ಲ ಮನಸ್ಸಿಂದು' ಎನ್ನುವ ನಿಮ್ಮ ಸೀನಿಯರ್‌ಗೆ ತೋರಿಸಿ.

ಇದರ ಜೊತೆಗೆ ಟಿಎಸ್‌ಎಚ್, ರಕ್ತದ ಎಣಿಕೆ, ಕ್ಯಾಲ್ಸಿಯಂ, ಆಲ್ಕಲೈನ್ ಫಾಸ್ಫಟೇಸ್ ನೋಡಿದರೆ ಮಿಕ್ಕ ಸಾಮಾನ್ಯ ಸಂದೇಹಗಳು ತೀರುತ್ತವೆ. ಕುಕ್ಕರುಗಾಲಲ್ಲಿ ಕೂರಿಸಿ ಏಳಿಸಿ. ಏಳಲು ನೋವು ಬೇರೆ, ಏಳುವ ಬಲವೇ ಇಲ್ಲದಿರುವುದು ಬೇರೆ. ಬಲವೇ ಇಲ್ಲದಿದ್ದರೆ ಮೂಳೆ ಮೆತ್ತಗಾಗುವ ಆಸ್ಟಿಯೊಮಲೇಶಿಯಾ ಅಥವಾ ಸ್ನಾಯುವಿನ ಉರಿಯೂತವನ್ನು ಹುಡುಕಬೇಕು.

ಈ ಕೇಸಿನಲ್ಲಿ ಒಂದು ತೊಡಕಿದೆ, ಜಾಣ ಪಿಜಿಯೊಬ್ಬರು ಇಷ್ಟು ಹೊತ್ತಿಗೆ ಕೈಯೆತ್ತಿರಬೇಕು. ಒಂದು ವರ್ಷದಿಂದ ಸ್ಟೀರಾಯ್ಡ್ ನುಂಗುತ್ತಿರುವವರಲ್ಲಿ ಊತ ಸಿಗಲಿಲ್ಲ ಎಂದರೆ ಊತ ಇರಲೇ ಇಲ್ಲ ಎಂದೇ? ಹಾಗಲ್ಲ, ಮುಚ್ಚಿಹೋಗಿರಬಹುದು. ಆದ್ದರಿಂದ ಸ್ಟೀರಾಯ್ಡ್ ಶುರುವಾಗುವ ಮೊದಲು ಗೆಣ್ಣು ಊದಿತ್ತೇ ಎಂದು ಮನೆಯವರನ್ನೂ ಕೇಳಿ. ಕೈ ಮತ್ತು ಪಾದದ ಎಕ್ಸ್‌ರೇಯಲ್ಲಿ ಮೂಳೆ ಕೊರೆದ ಗುರುತಿದೆಯೇ ನೋಡಿ. ಇಲ್ಲಿ ಆ್ಯಂಟಿ ಸಿಸಿಪಿ ಪರೀಕ್ಷೆಗೆ ಅರ್ಥವಿದೆ, ಬರೆಸಿ. ನಮ್ಮಾಕೆಗೆ ಊತದ ಕಥೆ ಇರಲಿಲ್ಲ, ಕೊರೆತ ಇರಲಿಲ್ಲ, ಸಿಸಿಪಿ ನೆಗೆಟಿವ್. ಆದರೂ ಮಾತ್ರೆಯನ್ನು ನಾಳೆಯೇ ನಿಲ್ಲಿಸುವಂತಿಲ್ಲ, ಅಡ್ರಿನಲ್ ಗ್ರಂಥಿ ಒಂದು ವರ್ಷದಿಂದ ಕೆಲಸ ಬಿಟ್ಟು ಕೂತಿರುತ್ತದೆ. ತಿಂಗಳುಗಳ ಕಾಲ ಹಂತಹಂತವಾಗಿ ಇಳಿಸಬೇಕು. ಪ್ರತಿ ಹಂತದಲ್ಲೂ ಗೆಣ್ಣು ಮುಟ್ಟಬೇಕು. ಇಳಿಸುವಾಗ ಮೈಕೈ ನೋವು, ಸುಸ್ತು ಹೆಚ್ಚಾಗುವುದು ಸಹಜ. ಅದನ್ನು ನೋಡಿ 'ಸ್ಟೀರಾಯ್ಡ್ ಇಲ್ಲದೆ ಆಗಲ್ಲ, ಅಂದರೆ ಇದು ಸಂಧಿವಾತವೇ' ಎಂದು ಮತ್ತೆ ಏರಿಸುವುದು ಎಲ್ಲರೂ ಬೀಳುವ ಹಳ್ಳ. ನೋವು ಹೆಚ್ಚಿ ಗೆಣ್ಣು ಊದದಿದ್ದರೆ ತಾಳ್ಮೆಯಿಂದಿರಿ. ಗೆಣ್ಣು ಊದಿದರೆ ರೋಗನಿರ್ಣಯವನ್ನೇ ಬದಲಿಸಿ.

ಈಗ ಆಕೆಗೆ ಹೇಳಬೇಕು. ಔಷಧವಿಲ್ಲದ ಚಿಕಿತ್ಸೆಯ ಮೊದಲ ಡೋಸು ಈ ಮಾತೇ. ಕಾಯಿಲೆಯ ಹೆಸರು ಹೇಳಿ, ಚೀಟಿಯಲ್ಲಿ ಬರೆದುಕೊಡಿ. ನಾನು ಹೇಳುವುದು ಹೀಗೆ: "ಅಮ್ಮಾ, ನಿಮ್ಮ ನೋವು ನಿಜ. ಕೀಲು ಹಾಳಾಗಿಲ್ಲ, ಹಾಳಾಗೋದೂ ಇಲ್ಲ. ಮನೆ ಮುಂದೆ ನಾಯಿ ಕಟ್ಟಿರ್ತೀವಲ್ಲ, ಕಳ್ಳ ಬಂದ್ರೆ ಬೊಗಳಬೇಕು. ನಿಮ್ಮ ನರಮಂಡಲದ ನಾಯಿ ಈಗ ಎಲೆ ಅಲ್ಲಾಡಿದ್ರೂ ಬೊಗಳ್ತಿದೆ. ಬೊಗಳೋದು ಸುಳ್ಳಲ್ಲ, ಕಳ್ಳ ಇಲ್ಲ ಅಷ್ಟೆ. ಅದನ್ನ ಮೆಲ್ಲಗೆ ಪಳಗಿಸಬೇಕು." ಇದು ಬರೀ ಸಮಾಧಾನದ ಮಾತಲ್ಲ. 2002ರಲ್ಲಿ ಗ್ರೇಸ್ಲಿ, ಕ್ಲಾವ್ ಮತ್ತಿತರರು ಫೈಬ್ರೊಮಯಾಲ್ಜಿಯಾ ಇರುವವರ ಹೆಬ್ಬೆರಳಿನ ಉಗುರನ್ನು ಒತ್ತುತ್ತಾ ಎಫ್‌ಎಂಆರ್‌ಐಯಲ್ಲಿ ಮಿದುಳನ್ನು ನೋಡಿದರು. ಇತರರಲ್ಲಿ ಹೆಚ್ಚು ಒತ್ತಿದಾಗ ಎಚ್ಚರಗೊಳ್ಳುವ ನೋವಿನ ಜಾಗಗಳು ಇವರಲ್ಲಿ ಕಡಿಮೆ ಒತ್ತಡಕ್ಕೇ ಎಚ್ಚರಗೊಂಡವು.

ಫೈಬ್ರೊಮಯಾಲ್ಜಿಯಾ ಬಗ್ಗೆ ಯುಲಾರ್ ಪರಿಷ್ಕರಿಸಿ 2017ರಲ್ಲಿ ಪ್ರಕಟಿಸಿದ ಶಿಫಾರಸುಗಳಲ್ಲಿ ಬಲವಾಗಿ 'ಮಾಡಿ' ಎಂದಿರುವುದು ಒಂದನ್ನೇ, ವ್ಯಾಯಾಮ. ಮಾತ್ರೆಗಳೆಲ್ಲ ಅದರ ಕೆಳಗೆ. ಸ್ಟೀರಾಯ್ಡನ್ನು ಸ್ಪಷ್ಟವಾಗಿ ಬೇಡ ಎಂದಿದೆ. ಆದರೆ 'ದಿನಾ ವಾಕಿಂಗ್ ಮಾಡಿ' ಎಂದು ಬಾಯಿಮಾತಲ್ಲಿ ಹೇಳುವುದು ಚಿಕಿತ್ಸೆಯಲ್ಲ. ಆಕೆ ಭಾನುವಾರ ಉತ್ಸಾಹದಲ್ಲಿ ಒಂದು ಗಂಟೆ ನಡೆದು, ಸೋಮವಾರ ಏಳಲಾರದೆ, ಇದು ತನಗಾಗದು ಎಂದು ಬಿಡುತ್ತಾರೆ. ಮಾತ್ರೆಯಂತೆಯೇ ಡೋಸು ಬರೆಯಿರಿ. ನಮ್ಮಾಕೆ ಎಷ್ಟು ನಡೆದರೆ ಮರುದಿನ ನೋವು ಹೆಚ್ಚುವುದಿಲ್ಲ ಎಂದು ಕೇಳಿದೆ, ಹತ್ತು ನಿಮಿಷ ಎಂದರು. ಎಂಟು ನಿಮಿಷದಿಂದ ಶುರು ಮಾಡಿಸಿದೆ, ದಿನ ಬಿಟ್ಟು ದಿನ, ಮಾತಾಡುತ್ತಾ ನಡೆಯಬಹುದಾದ ವೇಗದಲ್ಲಿ. ಬಸ್ಸನ್ನು ಒಂದು ಸ್ಟಾಪ್ ಮುಂಚೆ ಇಳಿದರೆ ಅಷ್ಟಾಗುತ್ತದೆ. ವಾರಕ್ಕೆ ಒಂದೆರಡು ನಿಮಿಷವಷ್ಟೇ ಏರಿಕೆ. ಒಳ್ಳೆಯ ದಿನವೂ ಚೀಟಿಯಲ್ಲಿದ್ದದ್ದಕ್ಕಿಂತ ಹೆಚ್ಚಿಲ್ಲ, ಕೆಟ್ಟ ದಿನವೂ ಪೂರ್ತಿ ಬಿಡುವಂತಿಲ್ಲ, ಅರ್ಧವಾದರೂ ಆಗಬೇಕು. ವಾರಕ್ಕೆ ಮೂರು ಸಲ ಅರ್ಧ ಗಂಟೆಗೆ ತಲುಪಲು ಮೂರು ನಾಲ್ಕು ತಿಂಗಳು ಹಿಡಿಯುತ್ತದೆ. ಮೊದಲ ಕೆಲವು ವಾರ ನೋವು ತುಸು ಹೆಚ್ಚಬಹುದು ಎಂದು ಮುಂಚೆಯೇ ಹೇಳಿರಬೇಕು. ಹೇಳದಿದ್ದರೆ ನಿಮ್ಮ ಮೇಲಿನ ನಂಬಿಕೆ ಅಲ್ಲೇ ಮುರಿಯುತ್ತದೆ. ಯೋಗ ಗೊತ್ತಿದ್ದರೆ, ಇಷ್ಟವಿದ್ದರೆ ಅದೂ ಸರಿ, ಇದೇ ಅಳತೆಯಲ್ಲಿ.

ನಿದ್ರೆಯ ಬಗ್ಗೆ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಟೊರೊಂಟೊದ ಹಾರ್ವೆ ಮೊಲ್ಡಾಫ್‌ಸ್ಕಿ ಮತ್ತು ಸಂಗಡಿಗರು 1975ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಆರೋಗ್ಯವಂತರ ಗಾಢನಿದ್ರೆಯನ್ನು ಸದ್ದು ಮಾಡಿ ಕೆಡಿಸುತ್ತಾ ಹೋದರು. ಕೆಲವೇ ರಾತ್ರಿಗಳಲ್ಲಿ ಅವರಿಗೂ ಮೈಕೈ ನೋವು ಬಂತು, ಮಾಂಸ ಒತ್ತಿದರೆ ನೋಯತೊಡಗಿತು. ನೈಟ್ ಡ್ಯೂಟಿ ಮುಗಿದ ಬೆಳಗ್ಗೆ ನಿಮ್ಮ ಕುತ್ತಿಗೆ ಹೇಳುವುದೂ ಅದನ್ನೇ. ಆಕೆಗೆ ಏಳುವ ಹೊತ್ತನ್ನು ರಜೆಯ ದಿನವೂ ಸೇರಿಸಿ ಒಂದೇ ಮಾಡಿ. ಮಧ್ಯಾಹ್ನದ ಮೇಲೆ ಕಾಫಿ ಟೀ ಬಿಡಿಸಿ. ನಿದ್ದೆ ಬಂದಾಗ ಮಾತ್ರ ಹಾಸಿಗೆ. ಗೊರಕೆ ಇದೆಯೇ, ರಾತ್ರಿ ಕಾಲು ಸುಮ್ಮನಿರದೆ ಎಳೆಯುತ್ತದೆಯೇ ಎಂದು ಕೇಳಿ. ಕಾಲು ಎಳೆಯುತ್ತಿದ್ದರೆ ಫೆರಿಟಿನ್ ನೋಡಿ. ಹೆಂಗಸರಲ್ಲಿ ಕಬ್ಬಿಣದ ಕೊರತೆ ಇಷ್ಟಿರುವ ನಮ್ಮಲ್ಲಿ ಇದು ಸಿಗುವುದು ಅಪರೂಪವಲ್ಲ.

ಇನ್ನೊಂದು ತಪ್ಪು ಇದಕ್ಕೆ ತದ್ವಿರುದ್ಧ ದಿಕ್ಕಿನದು. ಫೈಬ್ರೊಮಯಾಲ್ಜಿಯಾ ಎಂಬ ಹೆಸರು ಕಲಿತ ಹೊಸದರಲ್ಲಿ ಎಲ್ಲರಿಗೂ ಅದನ್ನೇ ಅಂಟಿಸುವ ಉಮೇದು ಬರುತ್ತದೆ. 45ಕ್ಕಿಂತ ಮುಂಚೆ ಶುರುವಾದ ಬೆನ್ನುನೋವು, ರಾತ್ರಿಯ ಎರಡನೇ ಅರ್ಧದಲ್ಲಿ ಎಬ್ಬಿಸುತ್ತದೆ, ಓಡಾಡಿದರೆ ಕಡಿಮೆ, ಮಲಗಿದರೆ ಹೆಚ್ಚು. ಒಮ್ಮೆ ಕಣ್ಣು ಕೆಂಪಾಗಿ ನೋವಿತ್ತು, ಇಲ್ಲವೇ ತಲೆಯಲ್ಲಿ ಸೋರಿಯಾಸಿಸ್. ಇದು ಸ್ಪಾಂಡಿಲೊಆರ್ಥ್ರೈಟಿಸ್ ಇರಬಹುದು. ಹೆಂಗಸರಲ್ಲಿ ಇದಕ್ಕೆ ವರ್ಷಗಟ್ಟಲೆ ಫೈಬ್ರೊಮಯಾಲ್ಜಿಯಾ ಎಂಬ ಹೆಸರು ಬಿದ್ದಿರುತ್ತದೆ. ಸಿಆರ್‌ಪಿ ನಾರ್ಮಲ್ ಇದ್ದರೂ ಇದನ್ನು ತಳ್ಳಿಹಾಕುವಂತಿಲ್ಲ. ಬಾಯಿಹುಣ್ಣು, ಬಿಸಿಲಿಗೆ ಏಳುವ ದದ್ದು, ಚಳಿಗೆ ಬಣ್ಣಗೆಡುವ ಬೆರಳು, ಕಾರಣವಿಲ್ಲದ ಜ್ವರ, ತೂಕ ಇಳಿಕೆ, ಒಣಗಿದ ಕಣ್ಣು ಬಾಯಿ ಇವುಗಳಲ್ಲಿ ಯಾವುದು ಇದ್ದರೂ ನಿಂತು ಯೋಚಿಸಿ.

ಎರಡೂ ಒಟ್ಟಿಗೆ ಇರುವವರೂ ಇದ್ದಾರೆ. ರುಮಟಾಯ್ಡ್ ಇರುವ ಐವರಲ್ಲಿ ಸುಮಾರು ಒಬ್ಬರಿಗೆ ಫೈಬ್ರೊಮಯಾಲ್ಜಿಯಾ ಕೂಡ ಇರುತ್ತದೆ. 2016ರ ಮಾನದಂಡವೇ ಬೇರೆ ಕಾಯಿಲೆ ಇದ್ದರೂ ಇದನ್ನು ಬರೆಯಬಹುದು ಎನ್ನುತ್ತದೆ. ಇವರಲ್ಲಿ ಡಿಎಎಸ್ 28 ಅಂಕ ನಿಮ್ಮ ಕಣ್ಣು ಕಟ್ಟುತ್ತದೆ. ಆ ಸೂತ್ರದಲ್ಲಿ ಒತ್ತಿದರೆ ನೋಯುವ ಕೀಲುಗಳಿಗೆ ಸಿಗುವ ತೂಕ ಊದಿದ ಕೀಲುಗಳಿಗೆ ಸಿಗುವುದರ ಎರಡರಷ್ಟು. ನೋಯುವ ಕೀಲು 16, ಊದಿದ್ದು 1, ಇಎಸ್‌ಆರ್ 18, ರೋಗಿ ತಾನೇ ಕೊಟ್ಟ ಅಂಕ 70 ಇದ್ದರೆ ಉತ್ತರ 5.5 ಬರುತ್ತದೆ. 5.1 ದಾಟಿದರೆ ರೋಗ ಉಗ್ರ ಎಂದು ಲೆಕ್ಕ. ಮೆಥೊಟ್ರೆಕ್ಸೇಟ್ ಸಾಲದು, ಬಯಲಾಜಿಕ್ ಶುರು ಮಾಡಿ ಎಂದು ಕೈ ಓಡುತ್ತದೆ. ಊತವನ್ನೂ ಇಎಸ್‌ಆರ್ ಅನ್ನೂ ಹಾಗೇ ಇಟ್ಟು, ನೋಯುವ ಕೀಲು ಒಂದೇ, ರೋಗಿಯ ಅಂಕ 20 ಎಂದು ಹಾಕಿ ನೋಡಿ. 3.1, ಅಂದರೆ ರೋಗ ಹಿಡಿತದಲ್ಲಿದೆ. ಉರಿಯೂತ ಎರಡರಲ್ಲೂ ಅಷ್ಟೇ. ನೋಯುವ ಕೀಲು ಊದಿದ ಕೀಲಿಗಿಂತ ಏಳು ಅಥವಾ ಹೆಚ್ಚಿದ್ದರೆ ಔಷಧ ಏರಿಸುವ ಮೊದಲು ಆ 19 ಜಾಗಗಳ ಪಟ್ಟಿ ತುಂಬಿ. ಊತದ ಬಗ್ಗೆ ಅನುಮಾನವಿದ್ದರೆ ಅಲ್ಟ್ರಾಸೌಂಡ್ ಮಾಡಿಸಿ. ಸೋಂಕು, ಕ್ಷಯದ ಭಯ, ಮನೆಯವರು ಸಾಲ ತರುವ ದುಡ್ಡು, ಇದೆಲ್ಲದರ ಮುಂದೆ ಆ ಪಟ್ಟಿ ತುಂಬುವ ಹತ್ತು ನಿಮಿಷ ಉಳಿಸಿಕೊಳ್ಳುವ ಹಕ್ಕು ನಮಗಿಲ್ಲ.

ಓಪಿಡಿಯಲ್ಲಿ ನೂರೈವತ್ತು ಚೀಟಿ ಇರುವಾಗ ಇದೆಲ್ಲ ಹೇಗೆ ಸಾಧ್ಯ ಎನ್ನುತ್ತೀರಿ. ಒಂದೇ ದಿನ ಆಗುವುದಿಲ್ಲ. ಮೊದಲ ದಿನ ಗೆಣ್ಣು ಮುಟ್ಟಿ, ಕೀಲಿನ ಚಿತ್ರ ಬರೆದು ಊದಿದ್ದು ಎಷ್ಟು, ನೋಯುವುದು ಎಷ್ಟು ಎಂದು ಬೇರೆಬೇರೆ ಗುರುತು ಹಾಕಿ. 19 ಜಾಗಗಳ ಪಟ್ಟಿಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಬೆಂಚಿನ ಮೇಲೆ ಕಾಯುವಾಗಲೇ ತುಂಬಿಸಿ, ಓದಲು ಬಾರದವರಿಗೆ ಸಿಸ್ಟರ್ ಓದಿ ಹೇಳಲಿ. ಎರಡನೇ ಸಲ ಹೆಸರು ಹೇಳಿ, ನಡಿಗೆಯ ಚೀಟಿ ಕೊಡಿ. ಮೂರು ತಿಂಗಳಿಗೆ ಬಂದಾಗ ಹತ್ತಕ್ಕೆ ನೋವು ಎಷ್ಟು ಎಂದು ಕೇಳುವ ಬದಲು ಈಗ ಎಷ್ಟು ನಿಮಿಷ ನಡೆಯುತ್ತೀರಿ, ಎಷ್ಟು ದಿನ ಕೆಲಸಕ್ಕೆ ಹೋದಿರಿ, ಬೆಳಗ್ಗೆ ಎಚ್ಚರವಾದಾಗ ಹೇಗಿರುತ್ತದೆ ಎಂದು ಕೇಳಿ. ಉತ್ತರ ಬರೆದುಕೊಂಡ ಮೇಲೆ ಪೆನ್ನು ಕೆಳಗಿಟ್ಟು ಕೈ ಚಾಚಿ, ಎರಡೂ ಕೈಯ ಹತ್ತೂ ಗೆಣ್ಣನ್ನು ಮತ್ತೊಮ್ಮೆ ಒತ್ತಿ ನೋಡಿ. ಹೋದ ಸಲ ಊತ ಇರಲಿಲ್ಲ ಎಂಬುದು ಹೋದ ಸಲದ ಮಾತು.